ಅಪ್ಪಚ್ಚಿ ಖಾತೆಗೆ 10 ಲಕ್ಷದ ಲಿಮಿಟ್ ಯಾಕೆ?

ನಿನ್ನೆಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡ್ತೇನೆ.

ಅಪ್ಪಚ್ಚಿ ಮನೆಗೆ ಬಂದಿದ್ದರು. ಅಡಿಕೆ ಕೊಟ್ಟ ದುಡ್ಡು ಖಾತೆಗೆ ಬಿದ್ದು 6 ಲಕ್ಷ 40 ಸಾವಿರ ಆಗಿದೆ. ಶಿರಸಿ ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನೆಟ್ ಬ್ಯಾಂಕಿಂಗ್ ಮಾಡಿಸಿಕೊಂಡು ಬಂದಿದ್ದರು. ಪಾಸ್‌ಬುಕ್ಕಿನ ರಟ್ಟಿನ ಒಳಗಡೆ ನೀಲಿ ಪೆನ್ನಿನಲ್ಲಿ ಯೂಸರ್‌ನೇಮ್, ಕೆಳಗೆ ಪಾಸ್‌ವರ್ಡ್. ಅವರ ಹೆಸರು, ಮುಂದೊಂದು @, ಆಮೇಲೆ ಹುಟ್ಟಿದ ವರ್ಷ. ಬರೆದುಕೊಟ್ಟದ್ದು ಅಂಗಡಿಯ ಹುಡುಗ.

ಅವರ ಮೊಬೈಲಿನಲ್ಲೇ ಲಾಗಿನ್ ಮಾಡಿಸಿ ನೋಡಿದೆ. ದಿನಕ್ಕೆ ಬೇರೆಯವರಿಗೆ ಕಳಿಸಬಹುದಾದ ಲಿಮಿಟ್ 10 ಲಕ್ಷ! ಖಾತೆಯಲ್ಲಿ ಇರೋದೇ ಆರೂವರೆ ಲಕ್ಷದ ಒಳಗೆ. ಅಂದ್ರೆ ಒಂದೇ ರಾತ್ರಿಯಲ್ಲಿ ಪೂರ್ತಿ ಖಾಲಿ ಮಾಡಬಹುದು. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ದುಡ್ಡು ಕಳಿಸೋ ನೆಫ್ಟ್ 2019ರ ಡಿಸೆಂಬರಿನಿಂದ ರಾತ್ರಿಯೂ ನಡೆಯುತ್ತದೆ, ರಜೆಯ ದಿನವೂ ನಡೆಯುತ್ತದೆ. ನಾವು ಮಲಗಿದ್ದಾಗಲೂ ದುಡ್ಡು ಹೋಗಬಹುದು.

ಸೊಸೈಟಿಯಲ್ಲಿ ಇಷ್ಟು ವರ್ಷ ಲೆಕ್ಕ ಬರೆದವನು ನಾನು, ನಿಮಗೆ ಗೊತ್ತು. ಹಾಗಾಗಿ ಲೆಕ್ಕವನ್ನೇ ಕೇಳಿದೆ. ಅಪ್ಪಚ್ಚಿ, ತಿಂಗಳಲ್ಲಿ ನೆಟ್ಟಿನಿಂದ ಏನೇನು ಕಟ್ಟೋದು? ಕರೆಂಟ್ ಬಿಲ್ ಸುಮಾರು 900. ಗೊಬ್ಬರದ ಅಂಗಡಿಗೆ ಜಾಸ್ತಿ ಅಂದ್ರೆ 15 ಸಾವಿರ. ಮೊಮ್ಮಗಳ ಹಾಸ್ಟೆಲ್ಲಿಗೆ 8 ಸಾವಿರ. ಒಂದೇ ದಿನದಲ್ಲಿ 20 ಸಾವಿರ ದಾಟಿದ್ದೇ ಇಲ್ಲ. ಹಾಗಿದ್ದರೆ ಲಿಮಿಟ್ 20 ಸಾವಿರ ಸಾಕು ಅಲ್ವಾ? ಯಾರಾದರೂ ಒಳಗೆ ನುಗ್ಗಿದರೂ ಆ ದಿನ ಹೋಗೋದು 20 ಸಾವಿರ. ರಾತ್ರಿ 12 ದಾಟಿದರೆ ಹೊಸ ದಿನದ ಲೆಕ್ಕ, ಇನ್ನೊಂದು 20 ಸಾವಿರ. ಬೆಳಿಗ್ಗೆ ಮೆಸೇಜ್ ನೋಡಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡೋ ಹೊತ್ತಿಗೆ 6 ಲಕ್ಷ ಇನ್ನೂ ಖಾತೆಯಲ್ಲೇ ಇರುತ್ತದೆ.

ಹಾಸ್ಪಿಟಲ್ಲಿಗೆ ಅರ್ಜೆಂಟ್ ದುಡ್ಡು ಬೇಕಾದ್ರೆ ಅಂತ ಚಿಕ್ಕಮ್ಮ ಕೇಳಿದರು. ಪ್ರಶ್ನೆ ಸರಿಯೇ. ಆದರೆ ಲಿಮಿಟ್ ಏರಿಸೋಕೆ ಐದು ನಿಮಿಷ ಸಾಕು. ನಮ್ಮ ಬ್ಯಾಂಕಿನಲ್ಲಿ ಲಾಗಿನ್ ಆದಮೇಲೆ ಪ್ರೊಫೈಲ್ ಪಾಸ್‌ವರ್ಡ್ ಅನ್ನೋ ಎರಡನೇ ಪಾಸ್‌ವರ್ಡ್ ಹಾಕಿ, ಮೊಬೈಲಿಗೆ ಬಂದ ಒಟಿಪಿ ಕೊಟ್ಟರೆ ಆಯಿತು. ಈ ಲಿಮಿಟ್ ಚೆಕ್ಕಿಗೆ ಅನ್ವಯಿಸೋದೂ ಇಲ್ಲ. ವರ್ಷಕ್ಕೊಮ್ಮೆ ಬರಬಹುದಾದ ಆ ಒಂದು ದಿನಕ್ಕಾಗಿ ಉಳಿದ 364 ದಿನ 10 ಲಕ್ಷ ಬಿಟ್ಟಿಡಬೇಕಾ?

ಆದರೆ ಇದು ನಿಲ್ಲೋದು ಪಾಸ್‌ವರ್ಡ್ ಗಟ್ಟಿ ಇದ್ದರೆ ಮಾತ್ರ. ಅಂಗಡಿಯ ಹುಡುಗ ಲಾಗಿನ್ನಿಗೂ ಪ್ರೊಫೈಲಿಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ದ. ಒಳಗೆ ಬಂದವನಿಗೆ ಲಿಮಿಟ್ ಏರಿಸೋ ಬೀಗದ ಕೈಯೂ ಸಿಕ್ಕಿದ ಹಾಗೆ. ಆಮೇಲೆ ಅಲ್ಲಿಯ ಕಂಪ್ಯೂಟರಿನಲ್ಲಿ `Save password?` ಅಂತ ಕೇಳಿದಾಗ ಏನು ಒತ್ತಿದನೋ ಅಪ್ಪಚ್ಚಿಗೆ ಗೊತ್ತಿಲ್ಲ. ಇಲ್ಲಿ ನನಗೆ ಹೆಚ್ಚು ಸಂಕಟ ಆಗೋದು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂದಾಗ, ಬ್ಯಾಂಕಿನಿಂದ ಸುದ್ದಿ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ಹೊಣೆ ನಮ್ಮ ಮೇಲೆ ಬರೋದಿಲ್ಲ. ನಾವೇ ಪಾಸ್‌ವರ್ಡ್ ಬೇರೆಯವರಿಗೆ ಕೊಟ್ಟಿದ್ದರೆ ಮಾತ್ರ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ.

ಅಪ್ಪಚ್ಚಿ ಹೇಳಿದ್ದು ಒಂದೇ, "ಎಂಗೆ ಅದೆಲ್ಲ ಗೊತ್ತಿಲ್ಲೆ ತಮಾ, ಸಣ್ಣದು ಮಾಡು." ನಾನು ಪಾಸ್‌ವರ್ಡ್ ಉದ್ದದ್ದೇ ಮಾಡಿಸಿದೆ. ಸಂಬಂಧವೇ ಇಲ್ಲದ ಮೂರು ಮಾತು ಸೇರಿಸಿದರೆ ನೆನಪೂ ಉಳಿಯುತ್ತದೆ, ಊಹಿಸೋಕೂ ಕಷ್ಟ. ಹೇಗೆ ಅಂತ ತೋರಿಸೋಕೆ ಮಾತ್ರ ಒಂದು ಬರೀತೇನೆ, ಇದನ್ನು ಯಾರೂ ಇಡಬೇಡಿ:

```
Bavi7@Hanchu@Kokkare
```

20 ಅಕ್ಷರ. ಹೆಸರಿಲ್ಲ, ಊರಿಲ್ಲ, ವರ್ಷ ಇಲ್ಲ. ಅಪ್ಪಚ್ಚಿ ತಮ್ಮದನ್ನು ತಾವೇ ಯೋಚಿಸಿ, ನನಗೆ ಬೆನ್ನು ಹಾಕಿ ಕೂತು ಟೈಪ್ ಮಾಡಿದರು. ನನಗೂ ಗೊತ್ತಿಲ್ಲ, ಗೊತ್ತಿರಬಾರದು. ಪ್ರೊಫೈಲಿಗೆ ಬೇರೆಯೇ ಮೂರು ಮಾತು. ನಾನೂ ಒಂದು ಕಾಲದಲ್ಲಿ ಇಮೇಲಿಗೂ ಬ್ಯಾಂಕಿಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಕಲಕುತ್ತದೆ.

ಮೊದಲ ಸಲ ನೋಂದಣಿ ಮಾಡೋದಕ್ಕೆ ಅಂಗಡಿ ಬೇಕಾಗಿಯೇ ಇರಲಿಲ್ಲ. ಖಾತೆ ನಂಬರು, ಸಿಐಎಫ್ ನಂಬರು, ಬ್ರಾಂಚ್ ಕೋಡ್ ಎಲ್ಲ ಪಾಸ್‌ಬುಕ್ಕಿನ ಮೊದಲ ಪುಟದಲ್ಲೇ ಇದ್ದವು. ಎಟಿಎಂ ಕಾರ್ಡು ಜೇಬಿನಲ್ಲಿತ್ತು, ಒಟಿಪಿ ಬರೋ ಮೊಬೈಲ್ ಕೈಯಲ್ಲಿತ್ತು. ಗೊತ್ತಿಲ್ಲದ ಹಿರಿಯರಿಗೆ ಮಾಡಿಕೊಡ್ತೀರಾ, ಮಾಡಿಕೊಡಿ. ಪಾಸ್‌ವರ್ಡ್ ಹಾಕೋ ಹೊತ್ತಿಗೆ ಎದ್ದು ಆಚೆ ನಿಲ್ಲಿ. ಲಿಮಿಟ್ ಎಷ್ಟು ಬೇಕು ಅಂತ ಒಂದು ಮಾತು ಕೇಳಿ.

ಇವತ್ತು ಬೆಳಿಗ್ಗೆ ಅಪ್ಪಚ್ಚಿ ಪರೀಕ್ಷೆ ಮಾಡಲು ಮಗನ ಖಾತೆಗೆ 25 ಸಾವಿರ ಕಳಿಸಿ ನೋಡಿದ್ದಾರೆ. ನಿನ್ನೆ 20 ಸಾವಿರಕ್ಕೆ ಇಳಿಸಿಟ್ಟ ಲಿಮಿಟ್ ದಾಟಿದೆ ಅಂತ ಬಂದಿದೆ. ಆ ಸಂಭ್ರಮದಲ್ಲಿ ನನಗೆ ಫೋನ್ ಮಾಡಿ, "ಹೋಜಿಲ್ಲೆ ತಮಾ, ಹೋಜಿಲ್ಲೆ!" ಅಂದರು.