13ರಲ್ಲಿ 2 ಎಲ್ಲಿ ಹೋಯಿತು?

ಮಾನ್ಯ ಗಿರಾಕಿ ದೇವರುಗಳಿಗೆ, ಕಲಬುರಗಿಯ ಒಬ್ಬ ಕಿರಾಣಿ ಅಂಗಡಿಯವನ ಶರಣು ಶರಣಾರ್ಥಿ.

ಬಾಗಿಲಿಗೆ ತೂಗುಹಾಕಿದ ‘11% ರಿಯಾಯಿತಿ’ ಬೋರ್ಡು ನೋಡಿ ನೀವು ಸಿಟ್ಟಾಗಿದ್ದೀರಿ. “ಟಿವ್ಯಾಗ ಜಿಎಸ್‌ಟಿ 18 ಹೋಗಿ 5 ಆಗ್ಯಾದ ಅಂತ ಹೇಳ್ಯಾರ. 13 ಆಯ್ತಲ್ರಿ. ನಡುವಿನ ಎರಡು ನೀವ್ಯಾಕ ನುಂಗ್ಲತ್ತೀರಿ ಸಾವಕಾರ್ರ?” ಎಂದು ಕೇಳದವರೇ ಇಲ್ಲ. ಗಲ್ಲೆಯ ಮೇಲೆ ಕುಳಿತು ಒಬ್ಬೊಬ್ಬರಿಗೂ ಲೆಕ್ಕ ಒಪ್ಪಿಸಿ ಗಂಟಲು ಹೋಗಿದೆ. ಅದಕ್ಕೇ ಬರೆದು ಅಂಟಿಸುತ್ತಿದ್ದೇನೆ. ಓದಿ, ಆಮೇಲೆ ಬೈಯಿರಿ.

ತಲೆಗೆ ಹಚ್ಚುವ ಎಣ್ಣೆಯ ಒಂದು ಬಾಟಲಿ ತಗೊಳ್ಳಿ. ತೆರಿಗೆ ಬಿಟ್ಟು ಅದರ ಬೆಲೆ 100 ರೂಪಾಯಿ. ಹಳೆ ಜಿಎಸ್‌ಟಿ 18 ಸೇರಿದರೆ 118. 2025ರ ಸೆಪ್ಟೆಂಬರ್ 22ರಿಂದ, ಅಂದರೆ ನವರಾತ್ರಿಯ ಮೊದಲ ದಿನದಿಂದ, ತೆರಿಗೆ 5 ಆಯಿತು, ಬೆಲೆ 105. ನಿಮಗೆ ಉಳಿದದ್ದು 13 ರೂಪಾಯಿಯೇ, ಒಂದು ಪೈಸೆ ನಾನು ಮುಟ್ಟಿಲ್ಲ. ಆದರೆ ಆ 13 ಉಳಿದದ್ದು 118ರಲ್ಲಿ, 100ರಲ್ಲಲ್ಲ. 13ನ್ನು 118ರಿಂದ ಭಾಗಿಸಿ, ನೂರರಿಂದ ಗುಣಿಸಿ: 11.02. ಆ .02 ಬೋರ್ಡಿನ ಮೇಲೆ ಬರೆಯಲು ಪೇಂಟರ್ ಬೇರೆ ರೊಕ್ಕ ಕೇಳಿದ, ಬಿಟ್ಟೆ.

ಈ ಲೆಕ್ಕ ನಿಮ್ಮ ಮನೆಯ ಏಳನೇ ತರಗತಿ ಹುಡುಗನಿಗೂ ಗೊತ್ತು. ಟಿವಿಯಲ್ಲಿ ಕೋಟು ಹಾಕಿಕೊಂಡು ಚೀರಾಡುವವರಿಗೆ ಮಾತ್ರ ಗೊತ್ತಾಗಲಿಲ್ಲ.

ಇನ್ನು ತುಪ್ಪ, ಫರಸಾಣ. ಅವು ಇದ್ದದ್ದು 12ರಲ್ಲಿ, ಬಂದದ್ದು 5ಕ್ಕೆ. 112ರ ಮಾಲು 105 ಆದರೆ ಇಳಿದದ್ದು 6.25%. ಹಾಗಾಗಿ ಬೋರ್ಡಿನಲ್ಲಿ 11%ರ ಪಕ್ಕ ‘ವರೆಗೆ’ ಎಂಬ ಶಬ್ದವಿದೆ. ಕನ್ನಡಕ ಹಾಕಿಕೊಂಡು ನೋಡಿ, ಕಾಣುತ್ತದೆ. ದೊಡ್ಡ ದೊಡ್ಡ ಶಾಪಿಂಗ್ ಮಾಲ್‌ಗಳೇ ಆ ಶಬ್ದವನ್ನು ಇರುವೆ ಗಾತ್ರದಲ್ಲಿ ಬರೆಸಿ ಜನರನ್ನು ಸಾಲುಗಟ್ಟಿಸುವಾಗ, ನಾನು ಕನಿಷ್ಠ ನೊಣದ ಗಾತ್ರದಲ್ಲಿ ಬರೆಸಿದ್ದೇನೆ.

ತೊಗರಿ ಬೇಳೆಗೆ ಯಾಕೆ ರಿಯಾಯಿತಿ ಇಲ್ಲ ಎಂದು ಜಗಳ ತೆಗೆದ ಕಾಕಾ ಅವರ ಗಮನಕ್ಕೆ: ಗೋಣಿಚೀಲದಿಂದ ತೂಗಿ ಕೊಡುವ ಬಿಡಿ ಬೇಳೆಗೆ ಜಿಎಸ್‌ಟಿ ಇರಲೇ ಇಲ್ಲ. ಇಲ್ಲದ್ದನ್ನು ಇಳಿಸುವುದು ಹೇಗೆ? ಅದೇ ಬೇಳೆಯನ್ನು ಕಿಲೋ ಪ್ಯಾಕೆಟ್ಟಿಗೆ ತುಂಬಿ ಲೇಬಲ್ ಅಂಟಿಸಿದರೆ 5% ಬೀಳುತ್ತದೆ. 2022ರ ಜುಲೈನಲ್ಲಿ ಹಾಕಿದ್ದು, ಈಗಲೂ ಅಷ್ಟೇ ಇದೆ. ನಮ್ಮ ಹೊಲದ ತೊಗರಿ, ನಮ್ಮ ಮಿಲ್ಲಿನ ಬೇಳೆ. 2019ರಲ್ಲಿ ಜಿಐ ಟ್ಯಾಗ್ ಕೊಟ್ಟು ಜಗತ್ಪ್ರಸಿದ್ಧ ಅಂದರು. ಅಂಥ ಬೇಳೆ ಚೀಲದಲ್ಲಿದ್ದರೆ ಬಡವರದು, ಪ್ಯಾಕೆಟ್ಟಿಗೆ ಇಳಿದರೆ ಶ್ರೀಮಂತರದು. ಇಷ್ಟು ಸೂಕ್ಷ್ಮವಾಗಿ ಬೇಳೆಯ ಜಾತಿ ಕಂಡುಹಿಡಿದವರಿಗೆ ಶರಣಬಸವೇಶ್ವರರ ಜಾತ್ರೆಯಲ್ಲಿ ಶಾಲು ಹೊದಿಸಬೇಕು ಎಂದು ನನ್ನ ಅಭಿಪ್ರಾಯ. ಆ ಶಾಲಿಗೂ 5% ಇದೆ.

ಈಗ ಐದು ರೂಪಾಯಿಯ ಬಿಸ್ಕತ್ತಿಗೆ ಬರೋಣ. 18 ಹೋಗಿ 5 ಆದ ಲೆಕ್ಕಕ್ಕೆ ಅದು 4 ರೂಪಾಯಿ 45 ಪೈಸೆ ಆಗಬೇಕು. ಶಾಲೆ ಬಿಟ್ಟು ಬಂದ ಹುಡುಗಿ ಐದು ರೂಪಾಯಿ ಕೊಟ್ಟು, “ಕಾಕಾ, ಐವತ್ತೈದು ಪೈಸಾ ವಾಪಸ್ ಕೊಡ್ರಿ” ಎಂದು ಕೈ ಚಾಚಿ ನಿಂತಳು. ಸರ್ಕಾರ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳನ್ನು 2011ರ ಜೂನ್ ಕೊನೆಗೇ ವಾಪಸ್ ತಗೊಂಡಿದೆ. ಐವತ್ತು ಪೈಸೆ ಕಾನೂನಿನ ಪ್ರಕಾರ ಇನ್ನೂ ಚಲಾವಣೆಯಲ್ಲಿದೆಯಂತೆ. ಚಲಿಸುವುದನ್ನು ಮಾತ್ರ ಕಲಬುರಗಿಯಲ್ಲಿ ಯಾರೂ ನೋಡಿಲ್ಲ. ಕೊನೆಗೆ ಡಬ್ಬಿಯಿಂದ ಒಂದು ಗೋಲಿ ಪೆಪ್ಪರಮೆಂಟು ತೆಗೆದು ಕೊಟ್ಟೆ. ಅದು ಒಂದು ರೂಪಾಯಿಯದು. ಹುಡುಗಿ ಖುಷಿಯಾಗಿ ಓಡಿದಳು. ತೆರಿಗೆ ಇಳಿಕೆಯ ಲಾಭ ಕಟ್ಟಕಡೆಯ ಪ್ರಜೆಗೆ ತಲುಪಿತು, ಅದೂ ನನ್ನ ಡಬ್ಬಿಯಿಂದ.

ಮೊದಲು ಹೇಳಿದ ಎಣ್ಣೆ ಬಾಟಲಿಗೆ ವಾಪಸ್ ಬರುತ್ತೇನೆ, ಯಾಕೆಂದರೆ ನನ್ನ ಕಥೆ ಇರುವುದೇ ಅಲ್ಲಿ. ನನ್ನ ಗೋಡೆಯ ಮೇಲೆ ‘ಕಾಂಪೋಸಿಷನ್ ತೆರಿಗೆದಾರ’ ಎಂಬ ಫಲಕ ಇದೆಯಲ್ಲ, ಅದು ಯಾವುದೋ ಸಂಘದ ಪ್ರಶಸ್ತಿ ಎಂದು ಕೆಲವರು ಭಾವಿಸಿದ್ದೀರಿ. ಅಲ್ಲ. ನನ್ನಂಥ ಸಣ್ಣವರಿಗೆ ಸರ್ಕಾರ ಮಾಡಿಕೊಟ್ಟ ಸುಲಭ ದಾರಿ ಅದು. ವಹಿವಾಟಿನ ಮೇಲೆ 1% ಕಟ್ಟು, ಸುಮ್ಮನಿರು. ಆದರೆ ಗಿರಾಕಿಯಿಂದ ತೆರಿಗೆ ಕೇಳುವಂತಿಲ್ಲ, ಮಾಲು ತರುವಾಗ ಕಟ್ಟಿದ ತೆರಿಗೆಯ ಕ್ರೆಡಿಟ್ಟೂ ಸಿಗುವುದಿಲ್ಲ. ದೊಡ್ಡ ಅಂಗಡಿಯವರು 18% ಕಟ್ಟಿ ತಂದ ಹಳೆ ಮಾಲನ್ನು 5%ಕ್ಕೆ ಮಾರಿದರೂ ಆ 18 ಅವರ ಖಾತೆಯಲ್ಲಿ ಜಮಾ ಇರುತ್ತದೆ. ನನಗೆ ಅದು ಕೊಂಡ ಬೆಲೆಯಲ್ಲೇ ಕರಗಿಹೋದ ದುಡ್ಡು.

ಆ ಬಾಟಲಿ ನಾನು ತಂದದ್ದು ಸೆಪ್ಟೆಂಬರ್ ಮೊದಲ ವಾರ, ತೆರಿಗೆ ಸೇರಿ 104ಕ್ಕೆ. 118ಕ್ಕೆ ಮಾರಿದ್ದರೆ 14 ಉಳಿಯುತ್ತಿತ್ತು. ಕರೆಂಟು, ಬಾಡಿಗೆ, ಹುಡುಗನ ಪಗಾರ ಎಲ್ಲ ಅದರಲ್ಲೇ. ಈಗ 105ಕ್ಕೆ ಮಾರುತ್ತಿದ್ದೇನೆ. ಉಳಿಯುವುದು 1 ರೂಪಾಯಿ. 105ರ ಮೇಲೆ 1% ಕಟ್ಟಿದರೆ 1 ರೂಪಾಯಿ 5 ಪೈಸೆ. ಅಂದರೆ ಬಾಟಲಿಗೆ ಐದು ಪೈಸೆ ನನ್ನ ಕೈಯಿಂದ. ಹಳೆ ಸ್ಟಾಕಿನ ವ್ಯತ್ಯಾಸ ಕಂಪನಿ ತುಂಬಿಕೊಡುತ್ತದೆ ಎಂದು ಏಜೆಂಟ್ ಹೇಳಿದ್ದ. ಈಗ ಅವನು ಫೋನ್ ಎತ್ತುವುದಿಲ್ಲ. ಎತ್ತಿದರೆ, “ಮ್ಯಾಲಿಂದ ಇನ್ನಾ ಬಂದಿಲ್ರಿ” ಅನ್ನುತ್ತಾನೆ.

ಹಾಗಾದರೆ ಹಳೆ ದರಕ್ಕೇ ಮಾರಬಹುದಿತ್ತಲ್ಲ? ಮಾರಿದರೆ ನೀವು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೀರಿ. ಮಾಡಿ, ಅದು ಗ್ರಾಹಕರ ಹಕ್ಕು. ಆದರೆ ಒಂದು ತಮಾಷೆ ಕೇಳಿ. ತೆರಿಗೆ ಇಳಿದಾಗ ಅದರ ಲಾಭ ಗಿರಾಕಿಗೆ ಕೊಡದೆ ನುಂಗಿದವರನ್ನು ಹಿಡಿಯಲು ಜಿಎಸ್‌ಟಿ ಕಾನೂನಿನಲ್ಲೇ ಒಂದು ಕಲಂ ಇದೆ, 171 ಅಂತ. ಅದರಡಿ ಹೊಸ ದೂರು ತಗೊಳ್ಳುವುದನ್ನು 2025ರ ಏಪ್ರಿಲ್ 1ರಿಂದ ನಿಲ್ಲಿಸಿದರು. ತೆರಿಗೆ ಇಳಿಸಿದ್ದು ಸೆಪ್ಟೆಂಬರಿನಲ್ಲಿ. ಕಾವಲುಗಾರನನ್ನು ಮನೆಗೆ ಕಳಿಸಿ ಆಮೇಲೆ ತಿಜೋರಿ ಬಾಗಿಲು ತೆರೆದರು. ಈಗ ದೊಡ್ಡ ಕಂಪನಿ ಮೂಲ ಬೆಲೆಯನ್ನೇ ಮೆಲ್ಲಗೆ ಏರಿಸಿದರೆ, ಪ್ಯಾಕೆಟ್ಟಿನ ಗ್ರಾಂ ಇಳಿಸಿದರೆ ಕೇಳುವವರು ಯಾರು? ನೀವು ಕೇಳುವುದು ನನ್ನನ್ನು. ನಾನು ಕೈಗೆ ಸಿಗುತ್ತೇನೆ ಅದಕ್ಕೆ.

ಸಾಕಾಗಿದೆ ಸ್ವಾಮಿ. 2025ರ ಜುಲೈನಲ್ಲಿ ಯುಪಿಐಗೆ ಬಂದ ರೊಕ್ಕ ಕೂಡಿಸಿ 40 ಲಕ್ಷ ದಾಟಿತೆಂದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಹಂಚಿದರು. ಉದ್ರಿ ವಸೂಲಿಯೂ ವ್ಯಾಪಾರ, ತಮ್ಮ ಕಳಿಸಿದ ಕೈಗಡವೂ ವ್ಯಾಪಾರ. ಆಗ ಕ್ಯೂಆರ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದವನನ್ನು ನೀವು ಕಳ್ಳ ಅಂದಿರಿ. ಈಗ ಲೆಕ್ಕ ಬರೆದು ಅಂಟಿಸಿದವನನ್ನೂ ಕಳ್ಳ ಅನ್ನುತ್ತಿದ್ದೀರಿ.

ಬಾಟಲಿಯ ಮೇಲೆ ಎರಡೆರಡು ಬೆಲೆ ಕಾಣುವುದು ಮೋಸವಲ್ಲ. ಹೊಸ ದರದ ಚೀಟಿ ಹಳೆ ದರವನ್ನು ಮುಚ್ಚಬಾರದು ಎಂಬುದು ನಿಯಮ. ಕಡಿಮೆ ಇರುವುದನ್ನೇ ಕೊಡಿ.

ಕೊನೆಯದಾಗಿ ಉದ್ರಿ ಗಿರಾಕಿಗಳಿಗೆ. ಶ್ರಾವಣದಲ್ಲಿ ಒಯ್ದ ಸಾಮಾನಿಗೆ ಈಗಿನ ದರ ಹಚ್ಚಿ ಲೆಕ್ಕ ತಿದ್ದಿ ಎಂದು ಮೂರು ಮನೆಯವರು ಚೀಟಿ ಕಳಿಸಿದ್ದಾರೆ. ಮಾಲು ಯಾವ ದಿನ ಕೈಸೇರಿತೋ ಆ ದಿನದ ದರವೇ ಅದಕ್ಕೆ. ಬಾಕಿ ಇಟ್ಟುಕೊಂಡಷ್ಟೂ ತೆರಿಗೆ ಇಳಿಯುತ್ತಾ ಹೋಗುತ್ತದೆ ಎಂದು ನಂಬಿ ಕೂತವರು ದಯವಿಟ್ಟು ಈ ಅಮಾವಾಸ್ಯೆಯೊಳಗೆ ಹಳೆ ದರದಲ್ಲೇ ರೊಕ್ಕ ತಂದುಕೊಡಿ. ಚಿಲ್ಲರೆ ನೀವೇ ತನ್ನಿ.

ಇಂತಿ ನಿಮ್ಮ,
ಅಂಗಡಿಯವ