ಅಜ್ಜಿ ಮತ್ತು ಮೊಮ್ಮಗಳು ಎಸ್-7ರಲ್ಲಿ, ಮನೆಯವರೆಲ್ಲ ಎಸ್-3ರಲ್ಲಿ

ನಿನ್ನೆ ರಾತ್ರಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದೆ. ಬೆಳಿಗ್ಗೆ ಇಳಿದಾಗಿನಿಂದ ತಲೆಯಲ್ಲಿ ಇದೇ ಓಡ್ತಾ ಇದೆ. ಬರೆಯದೆ ಸಮಾಧಾನ ಇಲ್ಲ.

ಹಾವೇರಿ ಬಂದಾಗ ಡಬ್ಬಿಯಲ್ಲಿ ಲೈಟ್ ಆರಿಸಿ ಎಲ್ಲರೂ ಮಲಗಿದ್ದರು. ಒಬ್ಬ ಅಜ್ಜಿ ಮತ್ತು ಒಂಬತ್ತು ವರ್ಷದ ಮೊಮ್ಮಗಳು ಹತ್ತಿದರು. ಹತ್ತಿಸಿದ ಮಗ ಚೀಲ ಒಳಗೆ ತಳ್ಳಿ, "ಅವ್ವಾ, ನೀ ಇಲ್ಲೇ ಇರು, ನಾವು ಮುಂದಿನ ಡಬ್ಬ್ಯಾಗ ಅದೀವಿ" ಅಂತ ಹೇಳಿ ಪ್ಲಾಟ್‌ಫಾರ್ಮ್ ಮೇಲೆ ಓಡಿದ. ಗಾಡಿ ಆಗಲೇ ಅಲುಗಾಡಿತ್ತು. ಅಜ್ಜಿ ಮೊಬೈಲ್ ಬೆಳಕಿನಲ್ಲಿ ಟಿಕೆಟ್ ಪ್ರಿಂಟ್ ನನಗೆ ತೋರಿಸಿದರು. ಡಬ್ಬಿ ಎಸ್-7. ಅಜ್ಜಿಗೆ 13, ಅಂದರೆ ಮಿಡಲ್ ಬರ್ತ್. ಹುಡುಗಿಗೆ 40, ಸೈಡ್ ಅಪ್ಪರ್. ಆ ನಲವತ್ತು ಎಲ್ಲಿ ಗೊತ್ತಾ? ನಡುವೆ ಎರಡು ಕಂಪಾರ್ಟ್‌ಮೆಂಟ್ ದಾಟಿ.

ನನ್ನದು 12, ಲೋವರ್. "ನನಗ ಮ್ಯಾಲೆ ಹತ್ತಾಕ ಆಗೂದಿಲ್ಲ ತಮ್ಮಾ, ಮೊಣಕಾಲು" ಅಂದರು. ಕೊಟ್ಟೆ. ಕೊಡದೆ ಇರೋಕೆ ಆಗುತ್ತಾ? ಹುಡುಗಿ ಕತ್ತಲಲ್ಲಿ ಒಬ್ಬಳೇ ಅಷ್ಟು ದೂರ ಹೋಗಿ ಮಲಗಲು ಒಪ್ಪಲಿಲ್ಲ. ಇಬ್ಬರೂ ಆ ಒಂದೇ ಬರ್ತಿನ ಮೇಲೆ ಮಲಗಿದರು. ನಿದ್ದೆಯಲ್ಲಿ ಮಗು ಕೆಳಗೆ ಬಿದ್ದೀತು ಅಂತ ಅಜ್ಜಿ ತಮ್ಮ ಸೆರಗಿನ ತುದಿಯನ್ನು ಅವಳ ಮುಂಗೈಗೆ ಗಂಟು ಹಾಕಿಕೊಂಡರು. ನಾನು ಮಿಡಲ್ ಬರ್ತಿನಿಂದ ಅದನ್ನೇ ನೋಡ್ತಾ ಇದ್ದೆ.

ಸ್ವಲ್ಪ ಹೊತ್ತಿಗೆ ಮಗ ಡಬ್ಬಿ ಡಬ್ಬಿ ದಾಟಿಕೊಂಡು ಬಂದ. ಅಜ್ಜಿಯ ಬಿಪಿ ಗುಳಿಗೆ ಎಸ್-3ರ ಚೀಲದಲ್ಲಿ ಉಳಿದಿತ್ತಂತೆ. ಅವರಿಗೆ ಗುಳಿಗೆ ಕೊಟ್ಟು ನನ್ನ ಹತ್ತಿರ ಎರಡು ಮಾತಾಡಿದ. ಮನೆಯವರು ಒಟ್ಟು ಒಂಬತ್ತು ಜನ. ಅಜ್ಜ 73, ಅಜ್ಜಿ 68, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ದೊಡ್ಡ ಮೊಮ್ಮಗ, ಈ ಹುಡುಗಿ, ನಾಲ್ಕು ವರ್ಷದ ಇನ್ನೊಬ್ಬ ಹುಡುಗ. ಊರಿನ ಒಬ್ಬ ಏಜೆಂಟ್ ಕಡೆ ಮೂರು ವಾರದ ಹಿಂದೆ ಟಿಕೆಟ್ ಮಾಡಿಸಿದ್ದಾರೆ. ವಾಟ್ಸಾಪ್‌ನಲ್ಲಿ ಹೆಸರಿನ ಪಟ್ಟಿ ಕಳಿಸಿದ್ದಾರೆ. ಅವನು ಪಟ್ಟಿಯ ಮೊದಲ ಆರು ಹೆಸರನ್ನು ಒಂದು ಟಿಕೆಟ್‌ಗೆ ಹಾಕಿದ್ದಾನೆ. ಕೊನೆಯಲ್ಲಿ ಉಳಿದ ಎರಡು ಹೆಸರು ಇನ್ನೊಂದಕ್ಕೆ. ಕೊನೆಯಲ್ಲಿದ್ದವರು ಅಜ್ಜಿ ಮತ್ತು ಹುಡುಗಿ. ಮುಗೀತು.

ನನ್ನ ಸಿಟ್ಟು ಇಲ್ಲೇ ಇರೋದು. ಒಂದು ಪಿಎನ್‌ಆರ್‌ನಲ್ಲಿ ಆರು ಜನಕ್ಕಿಂತ ಜಾಸ್ತಿ ಬರೋದಿಲ್ಲ, ಅದು ನಿಯಮ. ಎಂಟು ಬರ್ತ್ ಬೇಕಿದ್ದರೆ ಟಿಕೆಟ್ ಒಡೆಯಲೇಬೇಕು. ಆದರೆ ಎಲ್ಲಿ ಒಡೀಬೇಕು, ಯಾರ ಜೊತೆ ಯಾರನ್ನು ಹಾಕಬೇಕು ಅಂತ ಒಂದು ನಿಮಿಷ ಯಾರೂ ಯೋಚನೆ ಮಾಡಲ್ಲ. ಇವರೆಲ್ಲ ಒಂದೇ ಮನೆಯವರು ಅಂತ ಕಂಪ್ಯೂಟರ್‌ಗೆ ಗೊತ್ತಿರಲ್ಲ. ಅದಕ್ಕೆ ಗೊತ್ತಿರೋದು ಪಿಎನ್‌ಆರ್ ಒಂದೇ. ಒಂದು ಟಿಕೆಟ್‌ನಲ್ಲಿರುವವರನ್ನು ಜಾಗ ಇದ್ದರೆ ಹತ್ತಿರ ಹತ್ತಿರ ಕೂರಿಸುತ್ತದೆ. ಎರಡನೇ ಟಿಕೆಟ್ ಎರಡೇ ನಿಮಿಷ ಬಿಟ್ಟು ಮಾಡಿದರೂ ಅದರ ಲೆಕ್ಕದಲ್ಲಿ ಅವರು ಬೇರೆ ಯಾರೋ. ಅಡ್ಡಹೆಸರು ಒಂದೇ ಇದೆ ಅಂತ ಅದು ಹುಡುಕಿ ಸೇರಿಸಲ್ಲ.

ಈ ಒಂಬತ್ತು ಜನರ ಲೆಕ್ಕವನ್ನೇ ಬಿಡಿಸಿ ನೋಡೋಣ. ಐದು ವರ್ಷದ ಒಳಗಿನ ಮಗುವಿಗೆ ಬೇರೆ ಬರ್ತ್ ಬೇಡ ಅಂದರೆ ಟಿಕೆಟ್ ಬೇಕಿಲ್ಲ. ಅದನ್ನು ಆ ಆರರ ಲೆಕ್ಕದಲ್ಲೂ ಹಿಡಿಯಲ್ಲ. ಉಳಿದವರು ಎಂಟು. ಏಜೆಂಟ್ ಆರು ಮತ್ತು ಎರಡು ಅಂತ ಒಡೆದ. ಸರಿಯಾಗಿ ಮಾಡಿದ್ದರೂ ಆರು ಮತ್ತು ಎರಡೇ ಆಗ್ತಿತ್ತು. ಆ ಎರಡರಲ್ಲಿ ಅಜ್ಜ ಮತ್ತು ಅಜ್ಜಿ ಇರಬೇಕಿತ್ತು, ಅಷ್ಟೇ! ಒಂದು ರೂಪಾಯಿ ಜಾಸ್ತಿ ಆಗ್ತಿರಲಿಲ್ಲ. ಹುಡುಗಿ ಅಪ್ಪ ಅಮ್ಮನ ಜೊತೆ ಆರರ ಟಿಕೆಟ್‌ನಲ್ಲಿ ಇರ್ತಿದ್ದಳು.

ಅಜ್ಜ ಅಜ್ಜಿ ಇಬ್ಬರೇ ಯಾಕೆ? ಹಿರಿಯರಿಗೆ ಅಂತ ಲೋವರ್ ಬರ್ತ್ ಕೋಟಾ ಇದೆ. ಸ್ಲೀಪರ್‌ನ ಒಂದೊಂದು ಡಬ್ಬಿಯಲ್ಲಿ ಆರೇಳು ಬರ್ತ್ ಅದಕ್ಕೇ ಇಟ್ಟಿರುತ್ತಾರೆ. ಬುಕ್ ಮಾಡುವಾಗ ಜನರಲ್ ಬದಲು `LOWER BERTH/SR.CITIZEN` ಅಂತ ಆರಿಸಬೇಕು. ಷರತ್ತು ಏನಂದರೆ ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರೇ ಇರಬೇಕು, ಇಬ್ಬರೂ ಆ ವಯಸ್ಸಿನವರೇ ಆಗಿರಬೇಕು. 68ರ ಅಜ್ಜಿಯ ಜೊತೆ 9ರ ಮೊಮ್ಮಗಳನ್ನು ಸೇರಿಸಿದ ಕೂಡಲೇ ಆ ಕೋಟಾ ಕೈ ತಪ್ಪಿತು. ಅಜ್ಜನನ್ನು ಆರು ಜನರಲ್ಲಿ ಸೇರಿಸಿದಾಗ ಅವರದೂ ತಪ್ಪಿತು. ಸಾಮಾನ್ಯ ಟಿಕೆಟ್‌ನಲ್ಲೂ ಹಿರಿಯರಿಗೆ ಲೋವರ್ ಕೊಡಲು ನೋಡುತ್ತದೆ, ಆದರೆ ಖಾಲಿ ಉಳಿದಿದ್ದರೆ ಮಾತ್ರ. ಮೂರು ವಾರ ಮುಂಚೆ ಏನು ಉಳಿದಿರುತ್ತೆ? 13 ಮತ್ತು 40ರಂಥವು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳ್ತಿರೋದಕ್ಕೆ ಕಾರಣ ಇದೆ. ಎರಡು ವರ್ಷದ ಹಿಂದೆ ನಾನೂ ಇದೇ ತಪ್ಪು ಮಾಡಿದ್ದೆ. ಮೊಬೈಲ್‌ನಲ್ಲಿ ಉಳಿಸಿಟ್ಟಿದ್ದ ಹೆಸರುಗಳನ್ನು ಮೇಲಿನಿಂದ ಒತ್ತುತ್ತಾ ಹೋದೆ. ಆರು ತುಂಬಿದವು. ಅವ್ವ ಏಳನೆಯವಳಾಗಿ ಬೇರೆ ಡಬ್ಬಿಗೆ ಹೋದಳು. "ಇರ್ಲಿ ಬಿಡೋ, ಒಂದ್ ರಾತ್ರಿ" ಅಂದಳು. ಅವಳು ಆ ರಾತ್ರಿ ಮಲಗಿರಲಿಲ್ಲ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು ಅಂತ ತಿಂಗಳ ಮೇಲೆ ಅಕ್ಕನಿಂದ ಗೊತ್ತಾಯಿತು. ನಿನ್ನೆ ಆ ಸೆರಗಿನ ಗಂಟು ನೋಡುವಾಗ ನನಗೆ ನೆನಪಾಗಿದ್ದು ಅದೇ.

ಅಲ್ಲಿಂದ ಈಚೆಗೆ ಎರಡು ಟಿಕೆಟ್ ಮಾಡಬೇಕಾದಾಗೆಲ್ಲ ಮೊದಲು ಕಾಗದದ ಮೇಲೆ ಜನರನ್ನು ಹಂಚಿಕೊಳ್ಳುತ್ತೇನೆ. ಹೋದ ತಿಂಗಳು ಕಾಕಾನ ಮನೆಯವರಿಗೆ ಮಾಡಿದ್ದನ್ನೇ ಹೇಳ್ತೀನಿ. ಅವರೂ ಎಂಟು ಜನ. ಈಗ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಬೆಳಿಗ್ಗೆ 8ಕ್ಕೆ. ಮೊದಲು ಕಾಕಾ ಕಾಕೂ ಇಬ್ಬರದೇ ಟಿಕೆಟ್, ಲೋವರ್ ಕೋಟಾದಲ್ಲಿ. ಎಸ್-5ರಲ್ಲಿ 25 ಮತ್ತು 28 ಬಂದವು. ಎರಡೂ ಲೋವರ್, ಎದುರುಬದುರು. ಆಮೇಲೆ ಉಳಿದ ಆರು ಜನ. ಹೆಸರು ತುಂಬುವ ಪುಟದಲ್ಲೇ ಕೆಳಗೆ ನಮಗೆ ಬೇಕಾದ ಡಬ್ಬಿಯ ನಂಬರ್ ಬರೆಯುವ ಜಾಗ ಇದೆ. ಬಹಳ ಜನ ಅದನ್ನು ನೋಡೇ ಇರಲ್ಲ. ಅಲ್ಲಿ S5 ಅಂತ ಹಾಕಿದೆ. ಅದರ ಹತ್ತಿರವೇ `Book, only if all berths are allotted in same coach` ಅಂತ ಒಂದು ಆಯ್ಕೆ ಇದೆ, ಅದನ್ನೂ ಒತ್ತಿದೆ. 33ರಿಂದ 38 ಸಿಕ್ಕವು.

ಹತ್ತಿರ ಬಂತೋ ಇಲ್ಲವೋ ಅಂತ ತಿಳಿಯೋದು ಸುಲಭ. ಸ್ಲೀಪರ್‌ನಲ್ಲಿ ಎಂಟೆಂಟು ಬರ್ತಿಗೆ ಒಂದು ಕಂಪಾರ್ಟ್‌ಮೆಂಟ್. 1ರಿಂದ 8, 9ರಿಂದ 16, ಹೀಗೆ. ಪ್ರತಿ ಎಂಟರಲ್ಲೂ ಒಂದನೆಯದು ಮತ್ತು ನಾಲ್ಕನೆಯದು ಲೋವರ್, ಎರಡು ಮತ್ತು ಐದು ಮಿಡಲ್, ಮೂರು ಮತ್ತು ಆರು ಅಪ್ಪರ್, ಏಳು ಸೈಡ್ ಲೋವರ್, ಎಂಟು ಸೈಡ್ ಅಪ್ಪರ್. ಹಾಗಾಗಿ 28 ಮತ್ತು 33 ಅಂದರೆ ಪಕ್ಕಪಕ್ಕದ ಕಂಪಾರ್ಟ್‌ಮೆಂಟ್, ನಡುವೆ ಒಂದೇ ಗೋಡೆ. ಕಾಕೂ ಕೂಗಿದರೆ ಕೇಳುತ್ತದೆ. 32 ಮತ್ತು 33 ಒಂದರ ಮುಂದೆ ಒಂದು ಇವೆ, ಆದರೂ ಒಂದೇ ಕಂಪಾರ್ಟ್‌ಮೆಂಟ್ ಅಲ್ಲ. ನಂಬರ್ ಹತ್ತಿರ ಇದೆ ಅಂತ ಖುಷಿಪಡುವ ಮೊದಲು ಎಂಟರ ಲೆಕ್ಕ ಹಾಕಿ ನೋಡಿ.

ಈ ಆಯ್ಕೆಗೂ ಮಿತಿ ಇದೆ. ಒಂದೇ ಡಬ್ಬಿ ಅಂದರೆ ಒಂದೇ ಕಂಪಾರ್ಟ್‌ಮೆಂಟ್ ಅಂತಲ್ಲ. ಒಂದೇ ಡಬ್ಬಿಯ 5 ಮತ್ತು 70 ಕೂಡ ಬರಬಹುದು. ಇನ್ನು ಒಂದೇ ಡಬ್ಬಿಯಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಟಿಕೆಟ್ ಆಗೋದೇ ಇಲ್ಲ. ಕಟ್ಟಿದ ದುಡ್ಡು ವಾಪಸ್ ಬರಲು ಕೆಲವು ದಿನ ಹಿಡಿಯುತ್ತದೆ. ಹಬ್ಬದ ರಶ್ಶಿನಲ್ಲಿ ಅಷ್ಟು ಹೊತ್ತಿಗೆ ಉಳಿದ ಬರ್ತೂ ಹೋಗಿರುತ್ತವೆ. ತತ್ಕಾಲ್‌ನಲ್ಲಂತೂ ಒಂದು ಟಿಕೆಟ್‌ಗೆ ನಾಲ್ಕೇ ಜನ. ಅಲ್ಲಿ ಬರ್ತ್ ಸಿಕ್ಕರೆ ಸಾಕು ಅನ್ನುವ ಪರಿಸ್ಥಿತಿ.

ಇನ್ನೊಂದು ಮಾತು. `Consider for Auto Upgradation` ಅಂತ ಒಂದು ಆಯ್ಕೆ ಬರುತ್ತದೆ. ಮೇಲಿನ ಕ್ಲಾಸಿನಲ್ಲಿ ಖಾಲಿ ಉಳಿದರೆ ಜಾಸ್ತಿ ದುಡ್ಡಿಲ್ಲದೆ ಅಲ್ಲಿಗೆ ಹಾಕುತ್ತಾರೆ. ಒಬ್ಬರೇ ಹೋಗುವಾಗ ಬಹಳ ಒಳ್ಳೆಯದು. ಆದರೆ ಎರಡು ಟಿಕೆಟ್ ಇರುವ ಮನೆಯವರಿಗೆ ಇದೇ ತೊಂದರೆ. ಹಾಕಿದರೆ ಒಂದು ಪಿಎನ್‌ಆರ್‌ನವರನ್ನು ಪೂರ್ತಿ ಹಾಕುತ್ತಾರೆ, ಇನ್ನೊಂದು ಟಿಕೆಟ್ ಇದ್ದಲ್ಲೇ ಇರುತ್ತದೆ. ಅಜ್ಜ ಅಜ್ಜಿ ಎಸಿಗೆ ಹೋದರು, ನೋಡಿಕೊಳ್ಳುವವರು ಸ್ಲೀಪರ್‌ನಲ್ಲಿ ಉಳಿದರು ಅಂದರೆ ಏನು ಪ್ರಯೋಜನ? ಏನೂ ಹೇಳದೆ ಬಿಟ್ಟರೆ ಒಪ್ಪಿಗೆ ಇದೆ ಅಂತಲೇ ಹಿಡಿಯುತ್ತಾರೆ. ಬೇಡ ಅಂತ ನಾವೇ ಹೇಳಬೇಕು.

"ಅಷ್ಟೆಲ್ಲ ಯಾಕ, ಗಾಡ್ಯಾಗ ಅಡ್ಜಸ್ಟ್ ಮಾಡ್ಕೊಂಡ್ರಾತು, ನಮ್ಮ ಕಡೆ ಮಂದಿ ಒಳ್ಳ್ಯಾವ್ರು" ಅಂತ ಕೆಲವರು ಹೇಳ್ತಾರೆ. ಹೌದು, ನಮ್ಮ ಕಡೆ ಜನ ಒಳ್ಳೆಯವರೇ. ಆದರೆ ಹಾವೇರಿಯಲ್ಲಿ ಹತ್ತುವ ಹೊತ್ತಿಗೆ ಆ ಒಳ್ಳೆಯವರೆಲ್ಲ ಮಲಗಿರುತ್ತಾರೆ. ಕೆಳಗೆ ಮಲಗಿದವರಿಗೂ ಮೊಣಕಾಲಿನ ಆಪರೇಷನ್ ಆಗಿರಬಹುದು. ಅವರೂ ಲೋವರ್ ಬೇಕು ಅಂತಲೇ ಎರಡು ತಿಂಗಳ ಮುಂಚೆ ಟಿಕೆಟ್ ಮಾಡಿಸಿರಬಹುದು. ಬೇರೆಯವರ ಹೆಸರಲ್ಲಿರುವ ಬರ್ತನ್ನು ಎಬ್ಬಿಸಿ ಕೊಡಿಸಿ ಅಂತ ಟಿಸಿಯನ್ನು ಕೇಳೋಕೂ ಆಗಲ್ಲ. ಒಪ್ಪಿ ಬದಲಾಯಿಸಿಕೊಂಡರೆ ಸರಿ, ಒಪ್ಪದಿದ್ದರೆ ಅದು ಅವರ ಹಕ್ಕು. ನಿನ್ನೆ ನನ್ನ ಮೊಣಕಾಲು ಚೆನ್ನಾಗಿತ್ತು, ಅದಕ್ಕೆ ಕೊಟ್ಟೆ.

ಏಜೆಂಟ್‌ಗೆ ಬೆಳಿಗ್ಗೆ ಎಂಟಕ್ಕೆ ನೂರು ಕೆಲಸ ಇರುತ್ತದೆ, ಒಪ್ಪುತ್ತೇನೆ. ಆದರೆ ಹೆಸರಿನ ಪಕ್ಕದಲ್ಲೇ ವಯಸ್ಸೂ ಇರುತ್ತದಲ್ಲ? 68 ಮತ್ತು 9 ಅಂತ ಅವನೇ ತನ್ನ ಕೈಯಾರೆ ಟೈಪ್ ಮಾಡಿದ್ದಾನೆ. ಆಗಲೂ ಕೈ ನಿಲ್ಲಲಿಲ್ಲ ಅನ್ನೋದೇ ನನ್ನ ಸಂಕಟ. ಪಟ್ಟಿ ಕಳಿಸಿದ ಮನೆಯವರೂ "ಇವರಿಬ್ಬರದು ಒಂದು ಟಿಕೆಟ್, ಉಳಿದವರದು ಒಂದು" ಅಂತ ಒಂದು ಸಾಲು ಬರೆಯಬಹುದಿತ್ತು.

ತುಮಕೂರು ದಾಟಿದ ಮೇಲೆ ಹುಡುಗಿಗೆ ಎಚ್ಚರ ಆಯಿತು. ಮುಂಗೈಯ ಗಂಟು ಬಿಚ್ಚೋಕೆ ಬರಲಿಲ್ಲ. ಅಜ್ಜಿಯನ್ನು ಎಬ್ಬಿಸದೆ ಹಾಗೇ ಕೂತು ಕಿಟಕಿಯ ಹೊರಗೆ ನೋಡ್ತಾ ಇದ್ದಳು. ವಾಪಸ್ ಬರುವ ಟಿಕೆಟ್ ಹೇಗಿದೆ ಅಂತ ಅವಳ ಅಪ್ಪನನ್ನು ಇಳಿಯುವಾಗ ಕೇಳಿದೆ. ಅದೇ ಏಜೆಂಟ್, ಅದೇ ಪಟ್ಟಿ. ಪ್ಲಾಟ್‌ಫಾರ್ಮ್ ಮೇಲೆ ನಿಂತೇ ತೆಗೆದು ತೋರಿಸಿದ. ಎರಡನೇ ಟಿಕೆಟ್‌ನಲ್ಲಿ ಮತ್ತೆ ಅವೇ ಎರಡು ಹೆಸರು, ಎಸ್-8ರಲ್ಲಿ.