ಬೈಗುಳ ತೆಗೆದೆವು, ದೂರು ಹಾಗೇ ಇದೆ

ಹೋದ ವಾರ ನನ್ನ ತಮ್ಮ ಒಂದು ಹೋಟೆಲ್‌ನಲ್ಲಿ ರಾತ್ರಿ ಉಳಿದು ಬಂದ. ಮನೆಗೆ ಬಂದವನೇ ಫೋನ್ ನನ್ನ ಕೈಗಿಟ್ಟ. "ಅಕ್ಕಾ, ಇದನ್ನ ಓದು. ಪೋಸ್ಟ್ ಮಾಡಿಬಿಡ್ತೀನಿ" ಅಂದ. ಒಂದು ಸ್ಟಾರ್ ಕೊಟ್ಟು ಹೀಗೆ ಬರೆದಿದ್ದ:

"ದರಿದ್ರ ಹೋಟೆಲ್. ರಿಸೆಪ್ಷನ್‌ನಲ್ಲಿ ಕೂತವನು ಶುದ್ಧ ಸುಳ್ಳುಗಾರ. ರಾತ್ರಿಯಿಡೀ ನಿದ್ದೆ ಇಲ್ಲ. ಎಲ್ಲ ಗಬ್ಬು ವಾಸನೆ. ದುಡ್ಡು ಕೀಳೋದೇ ಇವರ ಕಸುಬು. ನಾಯಿ ಕೂಡ ಇಲ್ಲಿ ಮಲಗಲ್ಲ, ಯಾರೂ ಹೋಗಬೇಡಿ."

ಅವನ ಸಿಟ್ಟು ನ್ಯಾಯವಾದದ್ದೇ. ಆದರೆ ಇದನ್ನು ಓದಿದವರಿಗೆ ಅಲ್ಲಿ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ಬೈಗುಳ ಇದ್ದರೆ ರಿವ್ಯೂ ತೆಗೆಸಿ ಎಂದು ಹೋಟೆಲಿನವರು ಸೈಟಿಗೆ ವರದಿ ಮಾಡಬಹುದು. ವ್ಯಕ್ತಿಯೊಬ್ಬರನ್ನು ನಿಂದಿಸುವ ಬರಹಕ್ಕೆ ಗೂಗಲ್ ಮ್ಯಾಪ್ಸ್ ನಿಯಮಗಳಲ್ಲಿ ಜಾಗ ಇಲ್ಲ. ಬೈಗುಳದ ಜೊತೆಗೆ ದೂರೂ ಹೋಗಿಬಿಡುತ್ತದೆ, ಅಲ್ವಾ?

ಅದಕ್ಕೆ ಅವನನ್ನು ಕೂರಿಸಿಕೊಂಡು ಒಂದೊಂದೇ ಕೇಳಿದೆ. ನಿದ್ದೆ ಯಾಕೆ ಬರಲಿಲ್ಲ? ಕಿಟಕಿಯ ಕೆಳಗೇ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್. ಎಷ್ಟು ಹೊತ್ತು? ಅವನು ಮಲಗಿದ 11 ಗಂಟೆಯಿಂದ ಸುಮಾರು ಮೂರೂವರೆಯವರೆಗೆ. ಯಾರಿಗೆ ಹೇಳಿದೆ? ರಿಸೆಪ್ಷನ್‌ಗೆ ಎರಡು ಸಲ ಫೋನ್ ಮಾಡಿದ್ದ, ಹನ್ನೊಂದೂವರೆಗೊಮ್ಮೆ, ಒಂದು ಗಂಟೆಗೊಮ್ಮೆ. ಕರೆಯ ಸಮಯ ಅವನ ಫೋನಿನಲ್ಲೇ ಇತ್ತು. ಎರಡು ಸಲವೂ "ಎಲ್ಲ ರೂಮ್ ಭರ್ತಿ, ಬದಲಿಸೋಕಾಗಲ್ಲ" ಎಂಬ ಉತ್ತರ.

ವಾಸನೆಯ ವಿಷಯ ಬೇಗ ಮುಗಿಯಿತು. ಬಾತ್‌ರೂಮಿನಲ್ಲಿ ಸ್ವಲ್ಪ ಇತ್ತಂತೆ, ಯಾರಿಗೂ ಹೇಳಿರಲಿಲ್ಲ. ಹೇಳದ್ದನ್ನು ಸರಿಪಡಿಸಲಿಲ್ಲ ಅನ್ನುವುದು ಹೇಗೆ? ಬಿಟ್ಟೆವು.

ಜಾಸ್ತಿ ಹೊತ್ತು ಜಗ್ಗಾಡಿದ್ದು "ಸುಳ್ಳುಗಾರ" ಅನ್ನುವ ಪದಕ್ಕೆ. ಅದರ ಹಿಂದೆ ನಿಜವಾದ ಕಾರಣ ಇತ್ತು. ಎರಡನೇ ಕರೆ ಇಟ್ಟ ಮೇಲೆ ಅವನು ಬುಕಿಂಗ್ ಆ್ಯಪ್ ತೆರೆದು ನೋಡಿದ್ದ. ಅದೇ ರಾತ್ರಿಗೆ, ಅದೇ ದರ್ಜೆಯ ಎರಡು ರೂಮ್ ಖಾಲಿ ಎಂದು ತೋರಿಸುತ್ತಿತ್ತು. ಸ್ಕ್ರೀನ್‌ಶಾಟ್ ಕೂಡ ತೆಗೆದಿಟ್ಟಿದ್ದ. "ಇದಕ್ಕಿಂತ ಸಾಕ್ಷಿ ಬೇಕಾ ಅಕ್ಕಾ?" ಅಂದ.

ಸಾಕ್ಷಿ ಹೌದು. ಆದರೆ ಆ್ಯಪ್‌ನಲ್ಲಿ ರೂಮ್ ಕಾಣಿಸುತ್ತಿತ್ತು ಅನ್ನುವುದಕ್ಕೆ ಸಾಕ್ಷಿ. ಆ ಹುಡುಗ ಬೇಕೆಂದೇ ಸುಳ್ಳು ಹೇಳಿದ ಅನ್ನುವುದಕ್ಕಲ್ಲ. ಆ್ಯಪ್‌ನ ಲೆಕ್ಕ ತಡವಾಗಿ ಬದಲಾಗಿರಬಹುದು. ಆ ರೂಮುಗಳಲ್ಲಿ ನಲ್ಲಿ ಕೆಟ್ಟಿರಬಹುದು. ರೂಮ್ ಬದಲಿಸುವ ಅಧಿಕಾರವೇ ಆ ಹುಡುಗನಿಗೆ ಇಲ್ಲದಿರಬಹುದು. ಅವನ ಮನಸ್ಸಿನಲ್ಲಿ ಏನಿತ್ತು ಅಂತ ನಾವು ಬರೆಯಲಾಗದು. ನಾವು ಕಂಡದ್ದನ್ನು ಬರೆಯಬಹುದು. ಅವರು ಹೇಳಿದ ಮಾತು, ಆ್ಯಪ್ ತೋರಿಸಿದ್ದು, ಎರಡನ್ನೂ ಅಕ್ಕಪಕ್ಕ ಇಟ್ಟರೆ ಸಾಕು. ಓದುವವರೇ ಪ್ರಶ್ನೆ ಕೇಳಿಕೊಳ್ಳುತ್ತಾರೆ, ಉತ್ತರ ಕೊಡುವ ಭಾರ ಹೋಟೆಲಿನ ಮೇಲೆ ಬೀಳುತ್ತದೆ. ಸುಳ್ಳುಗಾರ ಅಂದಿದ್ದರೆ "ನಮ್ಮ ಸಿಬ್ಬಂದಿಯನ್ನು ಅವಮಾನಿಸಿದ್ದಾರೆ" ಎಂದು ಬರೆದು ಅವರು ಸುಲಭವಾಗಿ ತಪ್ಪಿಸಿಕೊಳ್ಳುತ್ತಿದ್ದರು.

ಕೊನೆಗೆ ಉಳಿದದ್ದು ಇಷ್ಟು:

"ಈ ತಿಂಗಳು ಒಂದು ರಾತ್ರಿ, ಮೂರನೇ ಮಹಡಿಯ ಹಿಂಬದಿಯ ರೂಮಿನಲ್ಲಿ ಉಳಿದಿದ್ದೆ. ಹಾಸಿಗೆ ಶುಚಿಯಾಗಿತ್ತು. ಕಿಟಕಿಯ ಕೆಳಗೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಇದೆ. ರಾತ್ರಿ 11ರಿಂದ ಸುಮಾರು 3:30ರವರೆಗೆ ಅದು ಓಡುತ್ತಿತ್ತು, ಕಿಟಕಿ ಮುಚ್ಚಿದರೂ ನಿದ್ದೆ ಬರಲಿಲ್ಲ. 11:30ಕ್ಕೆ ಮತ್ತು 1ಕ್ಕೆ ರಿಸೆಪ್ಷನ್‌ಗೆ ಫೋನ್ ಮಾಡಿ ಬೇರೆ ರೂಮ್ ಕೇಳಿದೆ. ಎಲ್ಲ ಭರ್ತಿ ಎಂದರು. ಅದೇ ಹೊತ್ತಿಗೆ ಬುಕಿಂಗ್ ಆ್ಯಪ್‌ನಲ್ಲಿ ಅದೇ ದರ್ಜೆಯ ಎರಡು ರೂಮ್ ಲಭ್ಯ ಎಂದಿತ್ತು. ಬೆಳಿಗ್ಗೆ ಹೊರಡುವಾಗ ಮ್ಯಾನೇಜರ್‌ಗೆ ಹೇಳಿದೆ, ವಿವರಣೆ ಸಿಗಲಿಲ್ಲ. ಹಿಂಬದಿಯ ರೂಮ್ ಕೊಡುವಾಗ ಈ ಶಬ್ದದ ಬಗ್ಗೆ ಮೊದಲೇ ತಿಳಿಸಬೇಕು. ಬುಕ್ ಮಾಡುವವರು ಮುಂಬದಿಯ ರೂಮ್ ಕೇಳಿ ಪಡೆಯಿರಿ."

ಹಾಸಿಗೆಯ ಮಾತು ಬೇಡ ಅಂದ ಅವನು. ನಾನು ಬಿಡಲಿಲ್ಲ. ಶುಚಿಯಾಗಿದ್ದದ್ದು ನಿಜ ತಾನೇ? ಆದರೆ ಸ್ಟಾರ್ ಎರಡು ಮಾಡಲಾ ಎಂದು ಅವನೇ ಕೇಳಿದಾಗ, ಬೇಡ ಅಂದೆ. ರಾತ್ರಿ ಮಲಗೋಕೆ ಅಂತಲೇ ದುಡ್ಡು ಕೊಟ್ಟ ಜಾಗದಲ್ಲಿ ಮಲಗೋಕೆ ಆಗಲಿಲ್ಲ. ಮಾತು ಮೆತ್ತಗಾಯಿತು ಅಂತ ಸ್ಟಾರ್ ಏರಿಸಬೇಕಿಲ್ಲ.

ಪೋಸ್ಟ್ ಮಾಡಿದ ಎರಡನೇ ದಿನ ಹೋಟೆಲಿನಿಂದ ಕರೆ ಬಂತು. ರಿವ್ಯೂ ತೆಗೆದರೆ ಅರ್ಧ ಹಣ ವಾಪಸ್ ಕೊಡ್ತೀವಿ ಅಂದರಂತೆ. ತಮ್ಮ ಒಪ್ಪಲಿಲ್ಲ. ಫ್ಯಾನ್ ಸರಿ ಮಾಡಿಸಿ ತಿಳಿಸಿದರೆ, ತಾರೀಖು ಹಾಕಿ ಅದನ್ನೂ ಕೆಳಗೆ ಸೇರಿಸ್ತೀನಿ ಎಂದು ಹೇಳಿ ಫೋನ್ ಇಟ್ಟ.